ಮೂವತ್ತು ಸೆಕೆಂಡಿನ ಪದ್ಯ

ಚುನಾವಣೆ ಹತ್ತಿರವಾದಂತೆ ಹಳ್ಳಿಯ ಕಸ ಸಂಗ್ರಹಿಸುವ ಆಟೋಗಳಲ್ಲೂ ತಾಲೂಕು ಕೇಂದ್ರದ ಪ್ರಚಾರ ವ್ಯಾನುಗಳಲ್ಲೂ ಮತದಾನ ಮಾಡಿರೆಂಬ ಹಾಡು, ಪದ್ಯಗಳು ಮೊಳಗುತ್ತವೆ. ಜಿಲ್ಲೆಗಳಲ್ಲಿ ಈ ಕೆಲಸ ಸ್ವೀಪ್ ಸಮಿತಿಯದು. ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಅದರ ಅಧ್ಯಕ್ಷರು. ಪದ್ಯ ಬರೆದುಕೊಡುವವರು ಹೆಚ್ಚಾಗಿ ಊರಿನ ಶಿಕ್ಷಕರು, ಪಂಚಾಯಿತಿ ಸಿಬ್ಬಂದಿ, ಹವ್ಯಾಸಿ ಕವಿಗಳು. ಅವರು ಬರೆಯುವುದು ಕಾಗದದ ಮೇಲೆ, ಕೇಳುವವರಿಗೆ ಅದು ತಲುಪುವುದು ಓಡುವ ಗಾಡಿಯಿಂದ. ಇವೆರಡರ ನಡುವಿನ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಪದ್ಯ ಬೀದಿಯಲ್ಲಿ ಬರೀ ಸದ್ದಾಗುತ್ತದೆ.

ಮೊದಲು ಸಮಯದ ಲೆಕ್ಕ ಮಾಡೋಣ. ವ್ಯಾನು ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋದರೆ ಸೆಕೆಂಡಿಗೆ ಸುಮಾರು 4 ಮೀಟರ್ ದಾಟುತ್ತದೆ. ಹಾರ್ನಿನ ಮಾತು ಮನೆಯ ಆಚೆ ಈಚೆ ತಲಾ 60 ಮೀಟರ್ ದೂರಕ್ಕೆ ಸ್ಪಷ್ಟವಾಗಿ ಕೇಳುತ್ತದೆ ಎಂದಿಟ್ಟುಕೊಳ್ಳಿ. ಒಟ್ಟು 120 ಮೀಟರ್, ಅಂದರೆ 30 ಸೆಕೆಂಡು. ಒಲೆಯ ಮುಂದಿರುವ ತಾಯಿಗೂ ಕಟ್ಟೆಯ ಮೇಲೆ ಕೂತ ಅಜ್ಜನಿಗೂ ಸಿಗುವುದು ಇಷ್ಟೇ. ಅದೂ ಪದ್ಯದ ಆರಂಭದಿಂದಲೇ ಸಿಗುತ್ತದೆಂಬ ಖಾತ್ರಿಯಿಲ್ಲ. ಒಬ್ಬರಿಗೆ ಮೊದಲ ನುಡಿ ಕೇಳಿದರೆ ಪಕ್ಕದ ಬೀದಿಯವರಿಗೆ ಮೂರನೆಯದು. ಹಾಗಾಗಿ ವ್ಯಾನಿನ ಪದ್ಯದಲ್ಲಿ ಪ್ರತಿ ನುಡಿಯೂ ತನ್ನಷ್ಟಕ್ಕೆ ಪೂರ್ಣವಾಗಿರಬೇಕು. ಯಾವ ದಿನ, ಏನು ಮಾಡಬೇಕು ಎಂಬೆರಡು ಸಂಗತಿಗಳು ಪ್ರತಿ ನುಡಿಯಲ್ಲೂ ಮರಳಿ ಬರಬೇಕು. ಪುಸ್ತಕದಲ್ಲಿ ಬೇಸರ ತರಿಸುವ ಈ ಪುನರುಕ್ತಿ ಇಲ್ಲಿ ಅನಿವಾರ್ಯ.

ಸಾಮಾನ್ಯವಾಗಿ ಮೊದಲ ಪ್ರಯತ್ನದಲ್ಲಿ ಬರುವ ಸಾಲುಗಳು ಹೇಗಿರುತ್ತವೆ ಎಂಬುದಕ್ಕೆ ಇಲ್ಲೊಂದು ಮಾದರಿ ಕಟ್ಟಿದ್ದೇನೆ:

ಪ್ರಜಾಪ್ರಭುತ್ವದ ಪವಿತ್ರ ಹಬ್ಬದಿ
ಪಾಲ್ಗೊಳ್ಳೋಣ ನಾವೆಲ್ಲರೂ
ಅಮೂಲ್ಯ ಮತವ ತಪ್ಪದೆ ಚಲಾಯಿಸಿ
ದೇಶವ ಕಟ್ಟೋಣ ಕೈ ಜೋಡಿಸಿ

ಓದಲು ಕುಂದಿಲ್ಲ. ಹಾರ್ನಿಗೆ ಹಾಕಿದರೆ ಮೂರು ತೊಡಕುಗಳು ಎದುರಾಗುತ್ತವೆ. ಒಂದು, ಹಾರ್ನು ಸ್ಪೀಕರು ತೀರ ಕೆಳಗಿನ ಮತ್ತು ತೀರ ಮೇಲಿನ ಸ್ವರಗಳನ್ನು ಚೆನ್ನಾಗಿ ಹೊರಡಿಸುವುದಿಲ್ಲ. ಸ, ಶ, ಹ ಮುಂತಾದ ಉಸಿರಿನ ಅಕ್ಷರಗಳು ಮಂಕಾಗುತ್ತವೆ. ಓಣಿಯ ಎರಡೂ ಗೋಡೆಗಳಿಂದ ಪ್ರತಿಧ್ವನಿ ಬಂದಾಗ ‘ಪ್ರಜಾಪ್ರಭುತ್ವದ’ ಎಂಬಂಥ ಒತ್ತಕ್ಷರ ತುಂಬಿದ ಉದ್ದ ಪದ ಕಲಸಿಹೋಗುತ್ತದೆ. ಎರಡು, ಇಡೀ ನುಡಿಯಲ್ಲಿ ಮತದಾನ ಯಾವತ್ತು ಎಂಬುದೇ ಇಲ್ಲ. ಮೂರನೆಯದು ಎಲ್ಲಕ್ಕಿಂತ ಗಂಭೀರ: ಕೊನೆಯ ಸಾಲಿನಲ್ಲಿ ‘ಕೈ’ ಇದೆ. ಅದೊಂದು ಪಕ್ಷದ ಚಿಹ್ನೆ. ಸರ್ಕಾರಿ ವ್ಯಾನಿನಿಂದ ಅದು ಮೊಳಗಿದರೆ ದೂರು ಬರಬಹುದು, ಜಾಗೃತಿಯ ಮೇಲಿನ ನಂಬಿಕೆಯೂ ಹೋಗಬಹುದು. ಕಮಲ, ತೆನೆ, ಪೊರಕೆ, ಆನೆ, ಸೈಕಲ್‌ಗಳಿಗೂ ಇದೇ ಮಾತು. ರೈತರ ಬಗ್ಗೆ ಬರೆಯುವಾಗ ತೆನೆ ತಾನಾಗಿ ಬಂದುಬಿಡುತ್ತದೆ, ಕೆರೆಯ ವರ್ಣನೆಯಲ್ಲಿ ಕಮಲ ಅರಳುತ್ತದೆ. ‘ಬದಲಾವಣೆ’, ‘ಗ್ಯಾರಂಟಿ’ ಎಂಬ ಪದಗಳೂ ಪ್ರಚಾರದ ಬಿಸಿಯಲ್ಲಿ ಒಂದು ಕಡೆಗೆ ವಾಲಿದಂತೆ ಕೇಳಿಸುತ್ತವೆ. ಬರೆದ ಮೇಲೆ ಆ ಕ್ಷೇತ್ರದ ಅಭ್ಯರ್ಥಿಗಳ ಚಿಹ್ನೆಗಳ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದೊಂದು ಸಾಲನ್ನೂ ನೋಡಬೇಕು. ಪಕ್ಷೇತರರ ಚಿಹ್ನೆಗಳಲ್ಲಿ ಮನೆಬಳಕೆಯ ವಸ್ತುಗಳೇ ತುಂಬಿರುತ್ತವೆ.

ಈಗ ಇದನ್ನೇ ಹೊಸದಾಗಿ ಕಟ್ಟೋಣ. 2023ರ ವಿಧಾನಸಭಾ ಚುನಾವಣೆಯನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಮೇ 10, ಬುಧವಾರ, ಬೆಳಿಗ್ಗೆ 7ರಿಂದ ಸಂಜೆ 6ರವರೆಗೆ ಮತದಾನವಿತ್ತು. ಲಯಕ್ಕೆ ಮೂರು ಮಾತ್ರೆಯ ಗಣ ಒಪ್ಪುತ್ತದೆ. ಉತ್ಸಾಹ ರಗಳೆಯ ನಡೆ ಇದೇ, ತಮಟೆಯ ಪೆಟ್ಟಿಗೂ ಸರಿಹೊಂದುತ್ತದೆ. ‘ಸಂಜೆ’ ಮೂರು ಮಾತ್ರೆ, ‘ಆರು’ ಮೂರು ಮಾತ್ರೆ. ಸಾಲಿಗೆ ಎರಡೇ ಗಣ, ಆಮೇಲೆ ಉಸಿರಿಗೆ ಬಿಡುವು.

ಬಂತು ಬಂತು
ಬುಧವಾರ
ಬೆಳಗು ಏಳು
ಸಂಜೆ ಆರು
ಅಕ್ಕ ಬನ್ನಿ
ಅಣ್ಣ ಬನ್ನಿ
ಓಟು ಹಾಕಿ
ಬನ್ನಿರೀ

‘ಬುಧವಾರ’ಕ್ಕೆ ಐದೇ ಮಾತ್ರೆ. ಹಾಡುವವರು ‘ವಾ’ ಅಕ್ಷರವನ್ನು ಇನ್ನೊಂದು ಮಾತ್ರೆಯಷ್ಟು ಎಳೆಯುತ್ತಾರೆ. ಇಡೀ ನುಡಿಯಲ್ಲಿ ಗಟ್ಟಿಯಾಗಿ ಕಿವಿಗೆ ಬೀಳಬೇಕಾದ್ದು ದಿನದ ಹೆಸರೇ ಆದ್ದರಿಂದ ಈ ಎಳೆತದಿಂದ ಅನುಕೂಲವೇ. ಎಂಟು ಸಾಲು ಹೇಳಲು ಹದಿನೈದು ಸೆಕೆಂಡಿನೊಳಗೆ ಮುಗಿಯುತ್ತದೆ. ಹಾಗಾಗಿ 30 ಸೆಕೆಂಡಿನಲ್ಲಿ ಎಲ್ಲಿಂದ ಕೇಳಿಸಿಕೊಂಡರೂ ಒಂದು ನುಡಿಯಾದರೂ ಇಡಿಯಾಗಿ ಸಿಗುತ್ತದೆ.

ಎರಡನೆಯ ನುಡಿ ಜನ ಮತಗಟ್ಟೆಗೆ ಬಾರದಿರಲು ಇರುವ ಒಂದು ಕಾರಣಕ್ಕೆ ಉತ್ತರ ಕೊಡಬೇಕು. ಮತದಾರರ ಗುರುತಿನ ಚೀಟಿ ಕಳೆದುಹೋಗಿದೆ ಎಂದು ಮನೆಯಲ್ಲೇ ಉಳಿಯುವವರಿದ್ದಾರೆ. ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಬ್ಯಾಂಕ್ ಅಥವಾ ಅಂಚೆ ಕಚೇರಿಯ ಪಾಸ್‌ಬುಕ್ ಮುಂತಾದ ದಾಖಲೆಗಳಲ್ಲಿ ಯಾವುದಾದರೂ ಒಂದನ್ನು ತೋರಿಸಿ ಮತ ಹಾಕಬಹುದು.

ಪಟ್ಟಿಯಲ್ಲಿ
ಹೆಸರು ಉಂಟೆ
ಕಾರ್ಡು ಇಲ್ಲ
ಚಿಂತೆ ಬೇಡ
ಜಾಬು ಕಾರ್ಡು
ಫೋಟೊ ಇರುವ
ಪಾಸು ಬುಕ್ಕು
ಒಂದು ಸಾಕು
ಬುಧವಾರ
ಓಟು ಹಾಕಿ

ಇಲ್ಲಿ ಮೊದಲೆರಡು ಸಾಲು ಬಿಡುವಂತಿಲ್ಲ. ಅವಿಲ್ಲದಿದ್ದರೆ ಪದ್ಯ ತಪ್ಪು ಹೇಳಿದಂತಾಗುತ್ತದೆ, ಪಟ್ಟಿಯಲ್ಲಿ ಹೆಸರಿಲ್ಲದವರು ದೂರದಿಂದ ಬಂದು ವಾಪಸಾಗಬೇಕಾಗುತ್ತದೆ. ಅರ್ಧಕ್ಕೆ ಕೇಳಿದವರಿಗೂ ತಿಳಿಯಲೆಂದು ನುಡಿ ಮುಗಿದ ಮೇಲೆ ಗದ್ಯದಲ್ಲೇ ಮತ್ತೊಮ್ಮೆ ಹೇಳುವುದು ಒಳ್ಳೆಯದು: ಪಟ್ಟಿಯಲ್ಲಿ ಹೆಸರಿರಬೇಕು, ಅನುಮಾನವಿದ್ದರೆ 1950ಕ್ಕೆ ಕರೆ ಮಾಡಿ.

ಕೂಲಿ ಮುಗಿಸಿ ಬರುವವರಿಗೆ ಹೊತ್ತಾಯಿತೆಂಬ ಆತಂಕ. ಸಂಜೆ ಆರಕ್ಕೆ ಸಾಲಿನಲ್ಲಿ ನಿಂತಿರುವ ಎಲ್ಲರಿಗೂ ಮತಗಟ್ಟೆಯ ಅಧಿಕಾರಿ ಚೀಟಿ ಕೊಡುತ್ತಾರೆ. ನಂತರ ಬಂದವರು ಸೇರಿಕೊಳ್ಳದಂತೆ ಸಾಲಿನ ಕೊನೆಯಿಂದ ಹಂಚುತ್ತಾ ಬರುತ್ತಾರೆ. ಚೀಟಿ ಸಿಕ್ಕವರು ಎಷ್ಟು ಹೊತ್ತಾದರೂ ಮತ ಹಾಕಿಯೇ ಹೋಗಬಹುದು.

ಸಂಜೆ ಆರು
ಆದರೇನು
ಸಾಲಿನಲ್ಲಿ
ನಿಂತವರಿಗೆ
ಚೀಟಿ ಉಂಟು
ಓಟು ಉಂಟು
ಬುಧವಾರ
ಓಟು ಹಾಕಿ

ಧ್ವನಿಮುದ್ರಣದಲ್ಲಿ ತಮಟೆಯಾಗಲಿ ವಾದ್ಯವಾಗಲಿ ಎರಡು ನುಡಿಗಳ ನಡುವೆ ಮಾತ್ರ ಬರಲಿ. ಮಾತಿನ ಹಿಂದೆ ಸಂಗೀತ ಹಾಕಿದರೆ ಕೋಣೆಯಲ್ಲಿ ಚೆಂದ ಕೇಳುತ್ತದೆ, ಹಾರ್ನಿನಲ್ಲಿ ಅದು ಮಾತನ್ನು ನುಂಗುತ್ತದೆ. ಪರೀಕ್ಷೆ ಮಾಡುವ ಕ್ರಮ ಸುಲಭ. ಪದ್ಯ ಗೊತ್ತಿಲ್ಲದ ಒಬ್ಬರನ್ನು ಬೀದಿಯ ಮಧ್ಯದಲ್ಲಿ ನಿಲ್ಲಿಸಿ ಗಾಡಿಯನ್ನು ಒಮ್ಮೆ ಓಡಿಸಿ. ಆಮೇಲೆ ಅವರನ್ನು ಕೇಳಿ: ಯಾವ ದಿನ? ಎಷ್ಟು ಹೊತ್ತಿನೊಳಗೆ? ಏನು ತರಬೇಕು? ದಿನ ಯಾವುದೆಂದು ಹೇಳಲಾಗದಿದ್ದರೆ ಸಾಲು ತಿದ್ದಬೇಕು. ಉಳಿದೆರಡರಲ್ಲಿ ಒಂದಕ್ಕೆ ಉತ್ತರ ಬಂದರೆ ನುಡಿ ಗೆದ್ದಂತೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ನಿಷೇಧವಿದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಚಾಲಕರ ಕೈಗೆ ಕೊಡುವ ಮಾರ್ಗಪಟ್ಟಿಯಲ್ಲಿ ಆ ಜಾಗಗಳನ್ನು ಗುರುತು ಹಾಕಿ ಕೊಡಬೇಕು.

ಈ ಮೂರೂ ನುಡಿಗಳು ಮತದಾನಕ್ಕೆ ಮೊದಲಿನ ನಾಲ್ಕೈದು ದಿನಗಳಿಗೆ ಮಾತ್ರ ಸಲ್ಲುತ್ತವೆ. ಅದಕ್ಕಿಂತ ಮುಂಚೆ ‘ಬುಧವಾರ’ ಎಂದರೆ ಯಾವ ವಾರದ್ದೆಂಬ ಗೊಂದಲವಾಗುತ್ತದೆ. ನಾಮಪತ್ರ ಸಲ್ಲಿಕೆಯ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಗೆ ಪಟ್ಟಿಯಲ್ಲಿ ಹೆಸರು ಸೇರಿಸಲು ಸಾಧ್ಯವಿಲ್ಲ. ಆದ್ದರಿಂದ ವ್ಯಾನು ಮೊದಲ ಸುತ್ತು ಹೊರಡಬೇಕಾದ್ದು ಅದಕ್ಕೂ ಮುಂಚೆ, ಪಟ್ಟಿ ನೋಡಿಕೊಳ್ಳಿ, ಹೆಸರಿಲ್ಲದಿದ್ದರೆ ನಮೂನೆ 6 ತುಂಬಿ ಎಂಬ ಬೇರೆಯದೇ ಪದ್ಯದೊಂದಿಗೆ. ಆ ಸುತ್ತು ತಪ್ಪಿದರೆ ಹೆಸರು ಬಿಟ್ಟುಹೋದವರಿಗೆ ಬುಧವಾರದ ಕರೆಯಿಂದ ಪ್ರಯೋಜನವಿಲ್ಲ.