ಅರ್ಥ ಗೊತ್ತಿಲ್ಲದ ಓದುಗ

ಮೂಳೆಮಜ್ಜೆಯೊಳಗೆ ಎಳೆಯ ಕೆಂಪು ರಕ್ತಕಣವೊಂದು ತನ್ನ ಕೋಶಕೇಂದ್ರವನ್ನೇ ಹೊರಕ್ಕೆ ತಳ್ಳಿಬಿಟ್ಟಿತು. ಡಿಎನ್ಎ ಇದ್ದದ್ದು ಅದರಲ್ಲಿ. ಇನ್ನು ಹೊಸ ಸಂದೇಶ ಬರುವಂತಿಲ್ಲ. ಆದರೆ ಮೊದಲೇ ಬಂದಿದ್ದ ಆರ್‌ಎನ್‌ಎ ಎಳೆಗಳು ಒಳಗೆ ಉಳಿದಿದ್ದವು. ಇನ್ನೊಂದೆರಡು ದಿನ ಹಿಮೋಗ್ಲೋಬಿನ್ ಕೆಲಸ ನಡೆಯಬೇಕಾದ್ದು ಅವುಗಳನ್ನು ನಂಬಿಕೊಂಡೇ.

ಅಂಥದೊಂದು ಎಳೆಯ ಮೇಲೆ ರೈಬೋಸೋಮಿನ ಚಿಕ್ಕ ತುಂಡು ಜಾರುತ್ತ ಬಂತು. ಎ-ಯು-ಜಿ ಎಂಬ ಮೂರು ಅಕ್ಷರ ಕಂಡಲ್ಲಿ ನಿಂತಿತು. ಶುರುವಿನ ಗುರುತು ಅದು. ದೊಡ್ಡ ತುಂಡು ಬಂದು ಅದಕ್ಕೆ ಕೂಡಿಕೊಂಡ ಮೇಲೆ ಓದು ಮುಂದುವರಿಯಿತು.

ಓದುವುದು ಮೂರು ಮೂರೇ ಅಕ್ಷರ. ಏಳನೆಯ ಗುಂಪು ಜಿ-ಎ-ಜಿ. ಸುತ್ತಲೂ ಟಿ-ಆರ್‌ಎನ್‌ಎಗಳು ಕಾದಿದ್ದವು. ಒಂದೊಂದರ ಒಂದು ತುದಿಯಲ್ಲಿ ಒಂದು ಅಮೈನೋ ಆಮ್ಲ, ಇನ್ನೊಂದು ತುದಿಯಲ್ಲಿ ಮೂರಕ್ಷರ. ಎ ಎದುರು ಯು, ಜಿ ಎದುರು ಸಿ ಕೂತರೆ ಮಾತ್ರ ಜೋಡಿ. ಒಂದು ಬಂತು, ಹೊಂದಲಿಲ್ಲ, ಹೋಯಿತು. ಇನ್ನೊಂದೂ ಹಾಗೇ. ಕೊನೆಗೆ ಸಿ-ಯು-ಸಿ ಹೊತ್ತದ್ದು ಬಂದು ಸರಿಯಾಗಿ ಕೂತಿತು. ಅದು ತಂದಿದ್ದ ಗ್ಲುಟಾಮಿಕ್ ಆಮ್ಲಕ್ಕೆ ದೊಡ್ಡ ತುಂಡು ಅದುವರೆಗಿನ ಸರಪಣಿಯನ್ನು ಬೆಸೆಯಿತು. ರೈಬೋಸೋಮು ಮೂರಕ್ಷರ ಮುಂದೆ ಸರಿಯಿತು. ಇಷ್ಟೆಲ್ಲ ಆದದ್ದು ಸೆಕೆಂಡಿನ ಐದಾರರಲ್ಲಿ ಒಂದು ಪಾಲಿನಲ್ಲಿ!

ಅರ್ಧ ನಿಮಿಷ ಕಳೆಯುವ ಹೊತ್ತಿಗೆ ಯು-ಎ-ಎ ಬಂತು. ಇದಕ್ಕೆ ಹೊಂದುವ ಟಿ-ಆರ್‌ಎನ್‌ಎ ಇಲ್ಲ. ಬದಲಿಗೆ ಒಂದು ಪ್ರೋಟೀನು ಆ ಜಾಗಕ್ಕೆ ಬಂದು ಸರಪಣಿಯನ್ನು ಬಿಡಿಸಿತು. ಮೊದಲ ಅಮೈನೋ ಆಮ್ಲ ಕೆಲಸದ ನಡುವೆಯೇ ಕತ್ತರಿಸಿ ಹೋಗಿದ್ದರಿಂದ ಉಳಿದದ್ದು 146. ಇದರ ಹೆಸರು ಬೀಟಾ ಗ್ಲೋಬಿನ್. ಇಂಥವೆರಡು, ಆಲ್ಫಾ ಗ್ಲೋಬಿನ್ ಎರಡು, ಕಬ್ಬಿಣವಿರುವ ನಾಲ್ಕು ಹೀಮ್‌ಗಳು ಕೂಡಿದರೆ ಒಂದು ಹಿಮೋಗ್ಲೋಬಿನ್.

ಇದೇ ಹೊತ್ತಿಗೆ ಇನ್ನೊಂದು ಮಗುವಿನ ಮೂಳೆಮಜ್ಜೆಯಲ್ಲಿ ಇನ್ನೊಂದು ರೈಬೋಸೋಮು ಇದೇ ಸಂದೇಶ ಓದುತ್ತಿತ್ತು. ಅಲ್ಲಿ ಏಳನೆಯ ಗುಂಪು ಜಿ-ಯು-ಜಿ. ನಡುವಿನ ಅಕ್ಷರ ಬೇರೆ. ರೈಬೋಸೋಮು ತಡವರಿಸಲೇ ಇಲ್ಲ. ಗೊತ್ತಿಲ್ಲದ ಭಾಷೆಯ ಪುಸ್ತಕಕ್ಕೆ ಮೊಳೆ ಜೋಡಿಸುವವನಂತೆ ಅದು. ಅಕ್ಷರ ಹೊಂದಿತೇ ಎಂದಷ್ಟೇ ನೋಡುತ್ತದೆ. ಸಿ-ಎ-ಸಿ ಬಂದು ಕೂತಿತು, ಹೊಂದಿತು, ವ್ಯಾಲೀನ್ ಸೇರಿತು. ಓದಿದ್ದರಲ್ಲಿ ತಪ್ಪಿಲ್ಲ. ತಪ್ಪು ಇದ್ದದ್ದು ಅಪ್ಪ ಅಮ್ಮನಿಂದ ಬಂದ ಡಿಎನ್ಎಯಲ್ಲಿ.

ವ್ಯಾಲೀನಿಗೆ ನೀರೆಂದರೆ ಆಗದು. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್‌ಗಳು ಇದೇ ಜಾಗದಲ್ಲಿ ಒಂದಕ್ಕೊಂದು ಅಂಟಿ ಉದ್ದನೆಯ ನಾರುಗಳಾಗುತ್ತವೆ. ದುಂಡಗಿನ ಕಣ ಕುಡುಗೋಲಿನ ಆಕಾರಕ್ಕೆ ತಿರುಗಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮಗು ಮೈಕೈ ನೋವಿನಿಂದ ಒದ್ದಾಡುತ್ತದೆ. ಅಪ್ಪ ಅಮ್ಮ ಇಬ್ಬರಿಂದಲೂ ಬದಲಾದ ಪ್ರತಿ ಬಂದಿದ್ದರೆ ಈ ಪಾಡು. ಒಬ್ಬರಿಂದಷ್ಟೇ ಬಂದಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಆದರೆ ಮುಂದಿನ ಪೀಳಿಗೆಗೆ ದಾಟಬಹುದು.

ಪತ್ತೆ ಮಾಡುವ ಒಂದು ಉಪಾಯ ವಿದ್ಯುತ್ತಿನದು. ಗ್ಲುಟಾಮಿಕ್ ಆಮ್ಲಕ್ಕೆ ಋಣ ವಿದ್ಯುದಂಶವಿದೆ, ವ್ಯಾಲೀನಿಗೆ ಇಲ್ಲ. ಹಾಗಾಗಿ ಕ್ಷಾರೀಯ ದ್ರಾವಣದಲ್ಲಿ ನೆನೆದ ಪಟ್ಟಿಯ ಮೇಲೆ ಎರಡೂ ಬಗೆಯ ಹಿಮೋಗ್ಲೋಬಿನ್ ಇಟ್ಟು ವಿದ್ಯುತ್ ಹರಿಸಿದರೆ, ಧನ ತುದಿಯತ್ತ ಹೊರಟ ಎರಡರಲ್ಲಿ ವ್ಯಾಲೀನ್ ಇರುವುದು ಹಿಂದೆ ಬೀಳುತ್ತದೆ.