ಅವಧಿಗೆ ಮುನ್ನ ಲೀಸ್ ವಾಹನ ಒಪ್ಪಿಸಿದ ಬಗೆ



ಸಾಸ್ವೆಹಳ್ಳಿ ಸುತ್ತಿನ ಅಡಿಕೆ ಸಾಗಿಸಲು ನಾವು 48 ತಿಂಗಳ ಲೀಸಿಗೆ ಪಡೆದಿದ್ದ ಪಿಕಪ್ ವಾಹನವನ್ನು 36 ತಿಂಗಳಿಗೇ ಹಿಂದಿರುಗಿಸಿದೆವು. ಬಾಡಿಗೆ ತಿಂಗಳಿಗೆ 20,000 ರೂ. ಉಳಿದ ಬಾಡಿಗೆಯ ಅರ್ಧ, ಎಂದರೆ 1,20,000 ರೂ. ದಂಡವೆಂದು ಕರಾರಿನಲ್ಲಿತ್ತು. ಸಹಿ ಮಾಡುವಾಗ ಆ ಷರತ್ತನ್ನು ಓದಿದ್ದೆವು, ಲೆಕ್ಕ ಹಾಕಿರಲಿಲ್ಲ.

1872ರ ಭಾರತೀಯ ಕರಾರು ಕಾಯಿದೆಯ 74ನೇ ಕಲಮಿನಂತೆ, ಕರಾರಿನಲ್ಲಿ ಬರೆದ ದಂಡ ಗರಿಷ್ಠ ಮಿತಿ ಮಾತ್ರ. ಅದರೊಳಗೆ ನ್ಯಾಯವಾದ ಪರಿಹಾರವಷ್ಟೇ ಸಲ್ಲುತ್ತದೆ. ಇದನ್ನು ಕಾಣಿಸಿ ಪತ್ರ ಬರೆದು, ವಾಹನ ಬೇರೆಯವರಿಗೆ ಬಾಡಿಗೆಗೆ ಹೋಗಲು ಎಷ್ಟು ಕಾಲ ಬೇಕೆಂದು ಕೇಳಿದೆವು. ಕೊನೆಗೆ ಮೂರು ತಿಂಗಳ ಬಾಡಿಗೆ, 60,000 ರೂ.ಗೆ ಒಪ್ಪಿದರು. ಒಪ್ಪದಿದ್ದರೆ ಕೋರ್ಟಿನ ಮೆಟ್ಟಿಲು ಹತ್ತಬೇಕಿತ್ತು.

ತಪಾಸಣೆಗೆ ಬಂದವರು 28,000 ರೂ. ಹಾನಿ ಬರೆದರು. ಅದರಲ್ಲಿ 13,000 ರೂ. ಚೀಲ ಎಳೆದು ತಳದ ಬಣ್ಣ ಹೋದದ್ದಕ್ಕೆ. ಅದು ಬಳಕೆಯ ಸವಕಳಿ, ಹಾನಿಯಲ್ಲ ಎಂದು ವಾದಿಸಿ ಬಿಡಿಸಿದೆವು. ಕಂಬಕ್ಕೆ ತಾಗಿ ತಗ್ಗಾದ ಹಿಂಬಾಗಿಲು ನಮ್ಮದೇ ತಪ್ಪು, 9,000 ರೂ. ಕೊಟ್ಟೆವು. ಮುಂದಿನ ಗಾಜಿನ ಬಿರುಕು ಮಾತ್ರ ವಾಹನ ಬಂದ ದಿನವೇ ಇತ್ತು. ಅಂದು ಫೋಟೋ ತೆಗೆಯದೆ ಹೋದದ್ದಕ್ಕೆ 6,000 ರೂ. ತೆತ್ತೆವು.

ಒಪ್ಪಿಸುವಾಗ ಓಡಿದ ಕಿಲೋಮೀಟರು, ಸ್ಟೆಪ್ನಿ, ಜಾಕು, ಎರಡೂ ಬೀಗದ ಕೈ ಎಲ್ಲವನ್ನೂ ಬರೆಸಿ ಅವರ ಸಹಿ ಪಡೆದೆವು. ಬಾಕಿ ಇಲ್ಲವೆಂಬ ಪತ್ರ ಈಗ ಸಂಘದ ಕಡತದಲ್ಲಿದೆ.