ಗೋಡೆಯಿಲ್ಲದ ರೋಗಾಣು

ಅಕ್ಕನ ಮಗನಿಗೆ ಹದಿನಾಲ್ಕು ವರ್ಷ. ಕಳೆದ ಮಳೆಗಾಲದಲ್ಲಿ ಜ್ವರ ಬಂತು, ಜೊತೆಗೆ ರಾತ್ರಿಯಿಡೀ ಬಿಡದ ಒಣಕೆಮ್ಮು. ವೈದ್ಯರು ಎದೆ ಪರೀಕ್ಷಿಸಿ, ನ್ಯುಮೋನಿಯಾ ಶುರುವಾಗಿದೆ ಎಂದು ಅಮಾಕ್ಸಿಸಿಲಿನ್ ಬರೆದುಕೊಟ್ಟರು. ಹುಡುಗ ಒಂದು ಹೊತ್ತೂ ತಪ್ಪಿಸದೆ ಮಾತ್ರೆ ನುಂಗಿದ. ನಾಲ್ಕು ದಿನ ಕಳೆದರೂ ಜ್ವರ ಜಗ್ಗಲಿಲ್ಲ. ಅಕ್ಕ ಮತ್ತೆ ಅವರ ಬಳಿಗೇ ಹೋಗಿ, “ಸ್ವಲ್ಪ ಸ್ಟ್ರಾಂಗ್ ಆಗಿರೋದು ಕೊಡಿ ಡಾಕ್ಟ್ರೇ” ಎಂದಳು. “ಸ್ಟ್ರಾಂಗ್ ಬೇಡಮ್ಮ, ಬೇರೆ ಥರದ್ದು ಬೇಕು” ಎಂದು ಅವರು ಅಜಿತ್ರೋಮೈಸಿನ್ ಕೊಟ್ಟರು. ಮೂರನೆಯ ದಿನ ಜ್ವರ ಇಳಿಯಿತು.

ಆ್ಯಂಟಿಬಯಾಟಿಕ್ ಎಂದರೆ ಮೈಲ್ಡು, ಸ್ಟ್ರಾಂಗು ಎಂದು ಮೆಟ್ಟಿಲುಮೆಟ್ಟಿಲಾಗಿ ನಾವು ಅಳೆಯುತ್ತೇವೆ. ನಿಜವಾದ ಲೆಕ್ಕ ಹಾಗಿಲ್ಲ. ಒಂದೊಂದು ಜಾತಿಯ ಔಷಧಿಗೂ ಬ್ಯಾಕ್ಟೀರಿಯಾದ ಮೈಯಲ್ಲಿ ಒಂದೊಂದು ಗುರಿಯಿದೆ. ಆ ಗುರಿಯೇ ಇಲ್ಲದ ಕಡೆ ಎಷ್ಟು ಹೆಚ್ಚು ಮಾತ್ರೆ ಸುರಿದರೂ ಏನೂ ಆಗುವುದಿಲ್ಲ. ಹುಡುಗನ ವಿಷಯದಲ್ಲಿ ಆಗಿದ್ದು ಅದೇ ಎಂದು ವೈದ್ಯರು ಅಂದಾಜು ಮಾಡಿದ್ದರು.

ಅಮಾಕ್ಸಿಸಿಲಿನ್ ಪೆನಿಸಿಲಿನ್ ಕುಟುಂಬದ ಔಷಧಿ. ಅದರ ಗುರಿ ಬ್ಯಾಕ್ಟೀರಿಯಾದ ಕೋಶಭಿತ್ತಿ. ಬ್ಯಾಕ್ಟೀರಿಯಾದೊಳಗೆ ಉಪ್ಪು, ಸಕ್ಕರೆ, ಪ್ರೋಟೀನುಗಳು ಕಿಕ್ಕಿರಿದಿರುವುದರಿಂದ ಹೊರಗಿನ ನೀರು ಒಳಕ್ಕೆ ನುಗ್ಗುತ್ತಲೇ ಇರುತ್ತದೆ. ಕುರು ಎಬ್ಬಿಸುವ ಸ್ಟಾಫಿಲೊಕಾಕಸ್‌ನಂಥವುಗಳ ಒಳಗಿನ ಒತ್ತಡ ಸುಮಾರು 20 ವಾಯುಭಾರದಷ್ಟು. ಕಾರಿನ ಟೈರಿನೊಳಗೆ ಇರುವುದು ಎರಡು, ಎರಡೂವರೆ. ಇಷ್ಟು ಒತ್ತಡಕ್ಕೂ ಅದು ಒಡೆಯದಿರುವುದು ಸುತ್ತಲಿನ ಗೋಡೆಯಿಂದ. ಗೋಡೆ ಎಂದರೆ ಇಟ್ಟಿಗೆಯಂಥದ್ದಲ್ಲ, ತೆಂಗಿನಕಾಯಿ ತುಂಬುವ ಹಗ್ಗದ ಬಲೆಚೀಲದಂಥದ್ದು. ಸಕ್ಕರೆಯ ಉದ್ದನೆಯ ಎಳೆಗಳು ಸುತ್ತಿಕೊಂಡಿರುತ್ತವೆ, ಎಳೆಯಿಂದ ಅಮೈನೊ ಆಮ್ಲಗಳ ಗಿಡ್ಡ ಬಾಲಗಳು ಜೋತುಬಿದ್ದಿರುತ್ತವೆ. ಒಂದು ಎಳೆಯ ಬಾಲವನ್ನು ಪಕ್ಕದ ಎಳೆಯ ಬಾಲಕ್ಕೆ ಕಟ್ಟಿ ಗಂಟು ಹಾಕುವ ಕಿಣ್ವವೊಂದಿದೆ.

ಈ ಕಿಣ್ವ ಬಾಲದ ತುದಿಯನ್ನು ಗುರುತಿಸುವುದು ಅಲ್ಲಿರುವ ಎರಡು ಅಲನೈನ್ ಕಣಗಳಿಂದ. ಪೆನಿಸಿಲಿನ್ ಅಣುವಿನ ನಡುವೆ ನಾಲ್ಕು ಮೂಲೆಯ ಒಂದು ಉಂಗುರವಿದೆ, ನೋಡಲು ಆ ತುದಿಯ ಹಾಗೆಯೇ. ಕಿಣ್ವ ಮೋಸಹೋಗಿ ಅದನ್ನು ಹಿಡಿಯುತ್ತದೆ. ಹಿಡಿದ ಕೂಡಲೇ ಬಿಗಿದ ಉಂಗುರ ಪಟ್ಟನೆ ಬಿಚ್ಚಿಕೊಂಡು ಕಿಣ್ವಕ್ಕೆ ಅಂಟಿಬಿಡುತ್ತದೆ. ಮತ್ತೆ ಬಿಡುವುದಿಲ್ಲ. ಗಂಟು ಹಾಕುವ ಕೈ ಹೋಯಿತು. ಆದರೆ ಬ್ಯಾಕ್ಟೀರಿಯಾ ಬೆಳೆಯಬೇಕಲ್ಲ, ಅದಕ್ಕಾಗಿ ಹಳೆಯ ಗಂಟುಗಳನ್ನು ಬಿಚ್ಚುವ ಕಿಣ್ವಗಳು ಎಂದಿನಂತೆ ಬಿಚ್ಚುತ್ತಲೇ ಇರುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಡ್ಡಿಯಂತಿದ್ದ ಇ. ಕೊಲೈ ಉದ್ದವಾಗುತ್ತದೆ, ನಡುವೆ ಒಂದು ಗುಳ್ಳೆ ಉಬ್ಬುತ್ತದೆ, ಆಮೇಲೆ ಒಡೆದು ಒಳಗಿನದೆಲ್ಲ ಹೊರಚೆಲ್ಲುತ್ತದೆ. ಸತ್ತಿದ್ದು ತನ್ನದೇ ಒತ್ತಡದಿಂದ. ಬೆಳೆಯದೆ ಸುಮ್ಮನೆ ಕುಳಿತ ಬ್ಯಾಕ್ಟೀರಿಯಾವನ್ನು ಪೆನಿಸಿಲಿನ್ ಹೆಚ್ಚೇನೂ ಮಾಡಲಾರದು. ನಮ್ಮ ಜೀವಕೋಶಗಳಿಗೆ ಇಂಥ ಗೋಡೆಯೇ ಇಲ್ಲದ್ದರಿಂದ, ಅಲರ್ಜಿಯ ಮಾತು ಬಿಟ್ಟರೆ, ನಮಗೆ ಅದರಿಂದ ತೊಂದರೆ ಬಹಳ ಕಡಿಮೆ.

ಆದರೆ ಗೋಡೆಯೇ ಇಲ್ಲದ ಬ್ಯಾಕ್ಟೀರಿಯಾವೂ ಉಂಟು. ಅದರ ಹೆಸರು ಮೈಕೋಪ್ಲಾಸ್ಮಾ. ಶಾಲಾಮಕ್ಕಳಲ್ಲಿ, ಹರೆಯದವರಲ್ಲಿ ಹುಡುಗನಿಗೆ ಬಂದಂಥ ಒಣಕೆಮ್ಮಿನ ನ್ಯುಮೋನಿಯಾ ತರುವುದು ಹೆಚ್ಚಾಗಿ ಇದೇ. 1944ರಲ್ಲಿ ಅಮೆರಿಕದ ಮನ್ರೋ ಈಟನ್ ಮತ್ತು ಜೊತೆಗಾರರು ರೋಗಿಗಳ ಕಫದಿಂದ ಇದನ್ನು ಬೇರ್ಪಡಿಸಿದಾಗ ವೈರಸ್ ಎಂದೇ ತಿಳಿದರು. ಬ್ಯಾಕ್ಟೀರಿಯಾವನ್ನು ತಡೆಯುವ ಸೋಸುಕದಲ್ಲಿ ಇದು ತೂರಿಕೊಂಡು ಹೋಗುತ್ತಿತ್ತು. ಮೈ ಬಲು ಚಿಕ್ಕದು, ಬಿಗಿಗೋಡೆಯಿಲ್ಲದೆ ಹೇಗೆ ಬೇಕೋ ಹಾಗೆ ಬಾಗುವಂಥದ್ದು. ಇದು ಬ್ಯಾಕ್ಟೀರಿಯಾವೇ ಎಂದು ಖಚಿತವಾಗಿದ್ದು 1960ರ ದಶಕದ ಆರಂಭದಲ್ಲಿ. ಗಂಟುಗಳೇ ಇಲ್ಲದ ಮೇಲೆ ಪೆನಿಸಿಲಿನ್ ಕಟ್ಟಿಹಾಕುವುದು ಯಾವ ಕೈಯನ್ನು?

ಅಜಿತ್ರೋಮೈಸಿನ್ ಮ್ಯಾಕ್ರೋಲೈಡ್ ಕುಟುಂಬದ್ದು. ಇದರ ಹಿರಿಯಣ್ಣ ಎರಿಥ್ರೋಮೈಸಿನ್. ಫಿಲಿಪೀನ್ಸ್‌ನ ಮಣ್ಣಿನಲ್ಲಿದ್ದ ಒಂದು ಜೀವಾಣುವಿನಿಂದ ತೆಗೆದದ್ದು, 1952ರಲ್ಲಿ ಬಳಕೆಗೆ ಬಂತು. ಇವಕ್ಕೆ ಗೋಡೆಯ ಗೊಡವೆಯಿಲ್ಲ. ಇವುಗಳ ಗುರಿ ರೈಬೋಸೋಮ್, ಅಂದರೆ ಪ್ರೋಟೀನ್ ತಯಾರಾಗುವ ಯಂತ್ರ. ಅಲ್ಲಿ ಅಮೈನೊ ಆಮ್ಲಗಳು ಒಂದಕ್ಕೊಂದು ಪೋಣಿಸಿಕೊಂಡು, ಒರಳಿನಿಂದ ಶಾವಿಗೆ ಇಳಿದಂತೆ ಒಂದು ಕಿರಿದಾದ ಸುರಂಗದ ಮೂಲಕ ಹೊರಬರುತ್ತವೆ. ಮ್ಯಾಕ್ರೋಲೈಡ್ ಅಣು ಸುರಂಗದ ಬಾಯಿಯಲ್ಲೇ ಹೋಗಿ ಕುಳಿತುಕೊಳ್ಳುತ್ತದೆ. ಎಳೆ ನಾಲ್ಕಾರು ಕಣ ಬೆಳೆಯುವಷ್ಟರಲ್ಲಿ ಅನೇಕ ಪ್ರೋಟೀನುಗಳ ತಯಾರಿ ನಿಂತುಬಿಡುತ್ತದೆ. ಬ್ಯಾಕ್ಟೀರಿಯಾ ಸಾಮಾನ್ಯವಾಗಿ ತಕ್ಷಣ ಸಾಯುವುದಿಲ್ಲ, ಬೆಳೆಯಲಾರದೆ ನಿಲ್ಲುತ್ತದೆ. ಉಳಿದ ಕೆಲಸ ನಮ್ಮ ರಕ್ತದ ಬಿಳಿಕಣಗಳದ್ದು. ಹಾಗಾಗಿ ರೋಗನಿರೋಧಕ ಶಕ್ತಿ ತೀರ ಕುಗ್ಗಿದವರಲ್ಲಿ ವೈದ್ಯರು ಕೊಲ್ಲುವ ಔಷಧಿಯನ್ನೇ ಹುಡುಕುತ್ತಾರೆ.

ರೈಬೋಸೋಮ್ ನಮ್ಮಲ್ಲೂ ಇದೆಯಲ್ಲ, ನಮಗೇಕೆ ಏನೂ ಆಗುವುದಿಲ್ಲ? ನನಗೆ ಬಹಳ ಹಿಡಿಸಿದ ಸಂಗತಿ ಇದು. ಬ್ಯಾಕ್ಟೀರಿಯಾದ ಸುರಂಗದಲ್ಲಿ ಔಷಧಿ ಹಿಡಿದುಕೊಳ್ಳುವ ಜಾಗದಲ್ಲಿ ಅಡೆನಿನ್ ಎಂಬ ಒಂದು ಅಕ್ಷರವಿದೆ. ನಮ್ಮ ರೈಬೋಸೋಮಿನಲ್ಲಿ ಅದೇ ಜಾಗದಲ್ಲಿ ಇರುವುದು ಗ್ವಾನಿನ್. ಒಂದಕ್ಷರದ ವ್ಯತ್ಯಾಸಕ್ಕೆ ಔಷಧಿಯ ಹಿಡಿತ ತಪ್ಪುತ್ತದೆ. ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳುವುದೂ ಇದೇ ಜಾಗದಲ್ಲಿ. ಕೆಲವು ಆ ಅಡೆನಿನ್ ಮೇಲೆ ಚಿಕ್ಕದೊಂದು ರಾಸಾಯನಿಕ ಟೋಪಿ ತೊಡಿಸುತ್ತವೆ. ಮೈಕೋಪ್ಲಾಸ್ಮಾ ಅಕ್ಷರವನ್ನೇ ಬದಲಿಸಿಕೊಳ್ಳುತ್ತದೆ. ಆಗ ಅಜಿತ್ರೋಮೈಸಿನ್ ಕೂಡ ಕೈಕೊಡುತ್ತದೆ.

ಮೂರನೆಯದು ಕ್ವಿನೊಲೋನ್, ನಮಗೆ ಪರಿಚಿತವಾದ ಸಿಪ್ರೋಫ್ಲಾಕ್ಸಾಸಿನ್ನಿನ ಕುಟುಂಬ. ಮಲೇರಿಯಾ ಔಷಧಿ ಕ್ಲೋರೋಕ್ವಿನ್ ತಯಾರಿಕೆಯ ಉಪಪದಾರ್ಥದ ಜಾಡು ಹಿಡಿದು 1962ರಲ್ಲಿ ಸಿಕ್ಕ ನ್ಯಾಲಿಡಿಕ್ಸಿಕ್ ಆಮ್ಲದಿಂದ ಇದರ ವಂಶ ಶುರು. ಇ. ಕೊಲೈ ಎರಡು ಮೈಕ್ರಾನ್ ಉದ್ದ. ಅದರ ಡಿಎನ್ಎ ಬಿಡಿಸಿ ಎಳೆದರೆ ಒಂದೂವರೆ ಮಿಲಿಮೀಟರ್. ಪ್ರತಿ ಸಲ ನಕಲು ತೆಗೆಯಲು ಎಳೆಗಳನ್ನು ಬೇರ್ಪಡಿಸುವಾಗ ಮುಂದಿನ ಭಾಗ ಹುರಿಗಟ್ಟುತ್ತದೆ. ಜೈರೇಸ್ ಎಂಬ ಕಿಣ್ವ ಎರಡೂ ಎಳೆಗಳನ್ನು ಕತ್ತರಿಸಿ, ಸಂದಿನಲ್ಲಿ ಮತ್ತೊಂದು ಭಾಗವನ್ನು ದಾಟಿಸಿ, ಮತ್ತೆ ಅಂಟಿಸಿ ಸಿಕ್ಕು ಬಿಡಿಸುತ್ತದೆ. ಕ್ವಿನೊಲೋನ್ ಕತ್ತರಿಸುವುದನ್ನು ತಡೆಯುವುದಿಲ್ಲ, ಅಂಟಿಸುವುದನ್ನು ತಡೆಯುತ್ತದೆ. ತುಂಡಾದ ಡಿಎನ್ಎ ಹಾಗೇ ಉಳಿದು ಬ್ಯಾಕ್ಟೀರಿಯಾ ಸಾಯುತ್ತದೆ.

ಜೈರೇಸನ್ನು ಈ ಔಷಧಿ ಹಿಡಿಯುವುದು ಒಂದು ಮೆಗ್ನೀಸಿಯಂ ಕಣವನ್ನು ಕೊಂಡಿ ಮಾಡಿಕೊಂಡು. ಲೋಹವನ್ನು ಬಿಗಿಯಾಗಿ ಹಿಡಿಯುವ ಇದೇ ಗುಣದಿಂದ, ಹೊಟ್ಟೆಯುರಿಗೆಂದು ಕುಡಿಯುವ ಮೆಗ್ನೀಸಿಯಂ, ಅಲ್ಯೂಮಿನಿಯಂ ಔಷಧಿಯ ಜೊತೆಗೋ ಹಾಲಿನ ಜೊತೆಗೋ ಸಿಪ್ರೋ ನುಂಗಿದರೆ ಅದು ಹೊಟ್ಟೆಯಲ್ಲೇ ಸಿಕ್ಕಿಬಿದ್ದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಮಾತ್ರೆ ಹೊತ್ತುಹೊತ್ತಿಗೆ ಹೋಗಿರುತ್ತದೆ, ರೋಗ ಮಾತ್ರ ಹೋಗಿರುವುದಿಲ್ಲ.

ಟೈಫಾಯ್ಡ್‌ಗೆ 1990ರ ದಶಕದಲ್ಲಿ ಸಿಪ್ರೋ ರಾಮಬಾಣವಾಗಿತ್ತು. ಇಂದು ನಮ್ಮ ದೇಶದ ಬಹುಪಾಲು ಟೈಫಾಯ್ಡ್ ಬ್ಯಾಕ್ಟೀರಿಯಾಕ್ಕೆ ಅದು ನಾಟುವುದಿಲ್ಲ. ಮೆಗ್ನೀಸಿಯಂ ಕೊಂಡಿ ಊರುವ ಜಾಗ ಜೈರೇಸಿನ 83ನೆಯ ಅಮೈನೊ ಆಮ್ಲ, ಸೆರಿನ್. ಅದೊಂದು ಬದಲಾದರೆ ಹಿಡಿತ ಸಡಿಲ. ಪ್ರಯೋಗಾಲಯದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ರೋಗಿಯ ರಕ್ತದಿಂದ ಬೆಳೆಸಿದ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿನ ಅಗರ್ ಮೇಲೆ ಸವರಿ, ಔಷಧಿ ಹೀರಿಸಿದ ಬೊಟ್ಟಿನಗಲದ ಕಾಗದದ ಬಿಲ್ಲೆಗಳನ್ನು ಇಟ್ಟು ರಾತ್ರಿ ಕಳೆಯಲು ಬಿಡುತ್ತಾರೆ. ಔಷಧಿ ನಾಟಿದ ಕಡೆ ಬಿಲ್ಲೆಯ ಸುತ್ತ ತಿಳಿಯಾದ ವೃತ್ತ ಮೂಡುತ್ತದೆ. ಬದಲಾವಣೆ ಅರ್ಧಕ್ಕೆ ಬಂದಿರುವ ಬ್ಯಾಕ್ಟೀರಿಯಾದಲ್ಲಿ ಸಿಪ್ರೋ ಬಿಲ್ಲೆಯ ಸುತ್ತ ಸಾಕಷ್ಟು ದೊಡ್ಡ ವೃತ್ತವೇ ಕಂಡು ಮೋಸಗೊಳಿಸಬಹುದು. ಹೀಗಾಗಿ ಹಳೆಯ ನ್ಯಾಲಿಡಿಕ್ಸಿಕ್ ಆಮ್ಲದ ಬಿಲ್ಲೆಯನ್ನೂ ಪಕ್ಕದಲ್ಲಿಡುವ ರೂಢಿ ಬಂತು. ಆ ಬಿಲ್ಲೆಯ ಅಂಚಿನವರೆಗೂ ಬ್ಯಾಕ್ಟೀರಿಯಾ ಬೂದಿಬಣ್ಣದ ಪದರವಾಗಿ ಬೆಳೆದು ನಿಂತಿದ್ದರೆ, ವೈದ್ಯರು ಸಿಪ್ರೋ ಕೈಬಿಟ್ಟು ಅಜಿತ್ರೋಮೈಸಿನ್ ಅಥವಾ ಕೋಶಭಿತ್ತಿಯ ಗಂಟಿಗೇ ಕೈಹಾಕುವ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಬರೆಯುತ್ತಾರೆ.